ಅರ್ಧ ಪಾಯಿಂಟ್ ತಾನೇ ಅಂದರು, 110 ಡಾಲರ್ ಹೋಯಿತು

ನ್ಯೂಜೆರ್ಸಿಯಲ್ಲಿದ್ದು ಭಾನುವಾರ ಎನ್‌ಎಫ್‌ಎಲ್ ನೋಡುತ್ತಾ ಆಪ್‌ನಲ್ಲಿ ಬೆಟ್ ಹಾಕುವವರು ಇದನ್ನು ಓದಿ. ಬೈಯುವುದಿದ್ದರೆ ಆಮೇಲೆ ಬೈಯಿರಿ, ಮನೆಯಲ್ಲಿ ಹೆಂಡತಿ ಈಗಾಗಲೇ ಬೈದಾಗಿದೆ.

ನಾನು ಒತ್ತಿದಾಗ ನನ್ನ ಟೀಮಿನ ಲೈನ್ -3 ಇತ್ತು. 3ಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರೆ 110ಕ್ಕೆ 100 ಲಾಭ, ಸರಿಯಾಗಿ 3ರಿಂದ ಗೆದ್ದರೆ ಪುಶ್, ಹಾಕಿದ ದುಡ್ಡು ವಾಪಸ್. ಕೊನೆಯ ಸೆಕೆಂಡುಗಳಲ್ಲಿ ನಮ್ಮವರು ಫೀಲ್ಡ್ ಗೋಲ್ ಹೊಡೆದರು, 27-24. ಹೋಗಲಿ, ದುಡ್ಡಾದರೂ ಬರುತ್ತದೆ ಅಂತ ಕಾಫಿ ಹಿಡಿದು ಕೂತೆ. ಬರಲಿಲ್ಲ. ಸ್ಲಿಪ್ ತೆಗೆದು ನೋಡಿದರೆ -3.5! ಲೈನ್ ಬದಲಾದರೆ ತಾನಾಗಿಯೇ ಒಪ್ಪಿಕೊಳ್ಳುವ ಸೆಟ್ಟಿಂಗ್ ಆನ್ ಆಗಿತ್ತು. ನಾನೇ ಯಾವತ್ತೋ ಆನ್ ಮಾಡಿದ್ದೆನಂತೆ. ಸ್ಲಿಪ್ ಓದದೆ ಬಿಟ್ಟಿದ್ದಂತೂ ನಾನೇ, ಹೇಳಿಕೊಳ್ಳಲು ನಾಚಿಕೆ.

ಚಾಟ್‌ನಲ್ಲಿ ಕೇಳಿದೆ. "ಬದಲಾಗಿದ್ದು ಅರ್ಧ ಪಾಯಿಂಟ್ ಮಾತ್ರ ಸರ್, ರೇಟ್ ಅದೇ ಇದೆ." ರೇಟ್ ಅದೇ ಇದ್ದದ್ದೇ ಮೋಸ ಅಲ್ವಾ! ಫೀಲ್ಡ್ ಗೋಲ್‌ಗೆ 3, ಟಚ್‌ಡೌನ್‌ಗೆ ಎಕ್ಸ್‌ಟ್ರಾ ಪಾಯಿಂಟ್ ಸೇರಿ 7. ಸಮ ಸಮ ಇರುವ ಮ್ಯಾಚ್ ಕೊನೆಗೆ ಒಂದು ಕಿಕ್‌ನಲ್ಲಿ ಮುಗಿಯುತ್ತದೆ. ಅದಕ್ಕೇ ನೂರು ಮ್ಯಾಚಿನಲ್ಲಿ ಸುಮಾರು 15 ಸರಿಯಾಗಿ 3ರ ಅಂತರಕ್ಕೆ ನಿಲ್ಲುತ್ತವೆ, 7ಕ್ಕೆ ಅದಕ್ಕಿಂತ ಕಡಿಮೆ, 5ಕ್ಕೆ ಇನ್ನೂ ಕಡಿಮೆ. -5 ಹೋಗಿ -5.5 ಆಗಿದ್ದರೆ ನಾನು ಈ ಪೋಸ್ಟ್ ಬರೆಯುತ್ತಲೇ ಇರಲಿಲ್ಲ.

ಲೆಕ್ಕ ನೋಡಿ. ಲೈನ್ 3 ಇರುವ ಮ್ಯಾಚುಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಸಲ ಫೇವರಿಟ್ ಟೀಮ್ ಸರಿಯಾಗಿ 3ರಿಂದ ಗೆಲ್ಲುತ್ತದೆ. ಉಳಿದದ್ದು ಅರ್ಧ ಅರ್ಧ ಅಂದುಕೊಳ್ಳಿ, ನೂರಕ್ಕೆ 45 ಗೆಲುವು, 45 ಸೋಲು, 10 ಪುಶ್. -3.5 ಆದ ಕೂಡಲೇ ಆ ಹತ್ತೂ ಸೋಲಿನ ಕಡೆ ಹೋದವು, 45ಕ್ಕೆ 55. ಆಗ ನ್ಯಾಯವಾಗಿ 100 ಹಾಕಿದವನಿಗೆ 120ರ ಮೇಲೆ ಲಾಭ ಕೊಡಬೇಕು. ಇವರು 110ಕ್ಕೆ 100 ಅಂತಲೇ ಇಟ್ಟರು. ಅದೇ ಹೊತ್ತಿಗೆ ಗೆಳೆಯನ ಆಪ್‌ನಲ್ಲಿ -3 ಹಾಗೇ ಇತ್ತು, ರೇಟ್ ಮಾತ್ರ 120ಕ್ಕೆ 100 ಆಗಿತ್ತು. ಹತ್ತು ಡಾಲರ್ ಜಾಸ್ತಿ ಕಟ್ಟಿದ ಅವನಿಗೆ ಪೂರ್ತಿ ದುಡ್ಡು ವಾಪಸ್ ಬಂತು. ಇನ್ನೆಲ್ಲೋ -2.5 ಸಿಕ್ಕಿದ್ದವನು ಗೆದ್ದೇ ಬಿಟ್ಟ. ಮ್ಯಾಚ್ ಒಂದೇ, ಟೀಮ್ ಒಂದೇ.

ಹಾಗಾಗಿ ಆ ಸೆಟ್ಟಿಂಗ್ ಇವತ್ತೇ ಆಫ್ ಮಾಡಿ, ಲೈನ್ 3 ಅಥವಾ 7ರ ಹತ್ತಿರ ಇದ್ದರೆ ಸ್ಲಿಪ್ ಎರಡು ಸಲ ಓದಿ, -3.5 ಕಂಡರೆ ಬೇರೆ ಆಪ್ ನೋಡಿ, ಸಿಗದಿದ್ದರೆ ಸುಮ್ನೆ ಮ್ಯಾಚ್ ನೋಡಿ.

ನಾನು ಬಿಡದೆ ಜಗಳ ಆಡಿದ್ದಕ್ಕೆ ಸಮಾಧಾನಕ್ಕೆ ಅಂತ ಒಂದು ಕೂಪನ್ ಕಳಿಸಿದರು, ಮುಂದಿನ ಬೆಟ್‌ನಲ್ಲಿ ಅರ್ಧ ಪಾಯಿಂಟ್ ಫ್ರೀ. ಕೆಳಗೆ ಸಣ್ಣ ಅಕ್ಷರದಲ್ಲಿ: 3 ಮತ್ತು 7ಕ್ಕೆ ಇದು ಅನ್ವಯಿಸುವುದಿಲ್ಲ. ಅರ್ಧ ಪಾಯಿಂಟ್ ಮಾತ್ರ ಸರ್ ಅಂದವರು ಇವರೇ!