ಒಂದೇ ಲೇಖನ, ಮೂರು ಕ್ಯಾರೊಸೆಲ್: ಎರಡರಲ್ಲಿ ವಾದವೇ ಕಳೆದುಹೋಯಿತು

ಮೊದಲೇ ಹೇಳಿಬಿಡುತ್ತೇನೆ. ಉದ್ದ ಲೇಖನವನ್ನು ಕ್ಯಾರೊಸೆಲ್, ಅಂದರೆ ಇನ್‌ಸ್ಟಾಗ್ರಾಮ್‌ನಲ್ಲಿ ಬೆರಳು ಸರಿಸುತ್ತಾ ಓದುವ ಸ್ಲೈಡುಗಳ ಸಾಲು, ಮಾಡುವಾಗ ನನಗೆ ಒಗ್ಗಿದ್ದು ಒಂದೇ ದಾರಿ: ಲೇಖನವನ್ನು ಮುಚ್ಚಿಟ್ಟು, ಯಾರಿಗಾದರೂ ಬಾಯಲ್ಲಿ ಹೇಳಿ, ಹೇಳಿದ್ದನ್ನೇ ಸ್ಲೈಡ್ ಮಾಡುವುದು. ಅದಕ್ಕೂ ಮುಂಚೆ ಇನ್ನೆರಡು ದಾರಿ ಹಿಡಿದು ನೋಡಿದ್ದೆ. ಒಂದಕ್ಕೆ ದುಡ್ಡೂ ಕೊಟ್ಟಿದ್ದೆ. ಆ ದುಡ್ಡು ಹೋದ ಕಥೆಯಿಂದಲೇ ಶುರು ಮಾಡುತ್ತೇನೆ.

ನನ್ನ ಲೇಖನ ಸುಮಾರು ಎರಡು ಸಾವಿರ ಪದದ್ದು. ವಿಷಯ ಕುಂಡದ ಗಿಡಗಳಿಗೆ ನೀರು ಹಾಕುವುದು. ಅದರ ವಾದ ಇಷ್ಟೇ: ಗಿಡ ಬಾಡಿದ ಕೂಡಲೇ ನೀರು ಸುರಿಯಬೇಡಿ, ಯಾಕೆಂದರೆ ನೀರು ಜಾಸ್ತಿಯಾದರೂ ಗಿಡ ಬಾಡುತ್ತದೆ, ಮೊದಲು ಮಣ್ಣು ಮುಟ್ಟಿ ನೋಡಿ. ಉಳಿದದ್ದೆಲ್ಲ ಇದಕ್ಕೆ ಕಾರಣ, ಉದಾಹರಣೆ, ಅಪವಾದ.

ಮೊದಲನೆಯದು: ಉಪಶೀರ್ಷಿಕೆಗಳನ್ನೇ ಸ್ಲೈಡ್ ಮಾಡುವುದು

ಇದನ್ನು ಡಿಸೈನ್ ಮಾಡುವ ಒಬ್ಬರಿಗೆ ಕೊಟ್ಟು ಮಾಡಿಸಿದೆ. ಲೇಖನದಲ್ಲಿ ಒಂಬತ್ತು ಉಪಶೀರ್ಷಿಕೆ ಇದ್ದವು. ಅವರು ಒಂಬತ್ತು ಸ್ಲೈಡ್ ಮಾಡಿ, ಮುಂದೊಂದು ಮುಖಪುಟ, ಹಿಂದೊಂದು 'ಪೂರ್ತಿ ಓದಿ' ಸೇರಿಸಿ ಕಳಿಸಿದರು. ನೋಡಲು ಚೆಂದ. ಬಣ್ಣ, ಚಿತ್ರ, ಯಾವುದಕ್ಕೂ ಹೆಸರಿಡುವ ಹಾಗಿರಲಿಲ್ಲ. ನಾನೂ ಖುಷಿಯಲ್ಲಿ ಹಾಕಿಬಿಟ್ಟೆ.

ಐದನೇ ಸ್ಲೈಡಿನ ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ವಾರಕ್ಕೆ ಎರಡೇ ಸಲ ನೀರು ಸಾಕು'. ಅದು ನನ್ನದೇ ಉಪಶೀರ್ಷಿಕೆ, ಅವರ ತಪ್ಪಲ್ಲ. ಆದರೆ ಲೇಖನದಲ್ಲಿ ಅದರ ಕೆಳಗಿನ ಮೊದಲ ವಾಕ್ಯವೇ 'ಇದು ಮನೆಯೊಳಗೆ, ನೆರಳಲ್ಲಿಟ್ಟ ದೊಡ್ಡ ಪ್ಲಾಸ್ಟಿಕ್ ಕುಂಡದ ಮಾತು' ಎಂದಿತ್ತು. ಸ್ಲೈಡಿನಲ್ಲಿ ಆ ವಾಕ್ಯಕ್ಕೆ ಜಾಗ ಸಿಕ್ಕಿರಲಿಲ್ಲ.

ಎರಡು ವಾರದ ಮೇಲೆ ಒಬ್ಬ ಓದುಗರು ಫೋಟೋ ಕಳಿಸಿದರು. ಅಂಗೈಯಗಲದ ಮಣ್ಣಿನ ಕುಂಡ, ಅದರಲ್ಲಿ ಒಣಗಿ ಕಡ್ಡಿಯಾದ ಪುದೀನ, ಮೇಲೆ ಸುಡು ಬಿಸಿಲು. 'ನೀವು ಹೇಳಿದ ಹಾಗೆ ಎರಡೇ ಸಲ ಹಾಕಿದೆ' ಎಂದು ಬರೆದಿದ್ದರು. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆರಿ ಹೋಗುತ್ತದೆ. ಅಷ್ಟು ಚಿಕ್ಕ ಕುಂಡಕ್ಕೆ ಬಿಸಿಲಲ್ಲಿ ದಿನಾ ನೀರು ಬೇಕಾಗುತ್ತದೆ. ಲೇಖನ ಓದಿದ್ದರೆ ಅವರಿಗೆ ಅದು ಗೊತ್ತಿರುತ್ತಿತ್ತು. ಅವರು ನೋಡಿದ್ದು ಆ ಒಂದೇ ಸ್ಲೈಡು, ಅದೂ ಯಾರೋ ಕಳಿಸಿದ ಸ್ಕ್ರೀನ್‌ಶಾಟು.

ಆಮೇಲೆ ಕೂತು ಯೋಚಿಸಿದೆ, ಎಲ್ಲಿ ಕೆಟ್ಟಿತು ಅಂತ. ಉಪಶೀರ್ಷಿಕೆ ಅನ್ನುವುದು ಬೋರ್ಡು ಇದ್ದಂತೆ. ಮುಂದೆ ಏನಿದೆ ಎಂದು ಹೇಳುತ್ತದೆ, ಹಿಂದಿನದಕ್ಕೂ ಮುಂದಿನದಕ್ಕೂ ಏನು ಸಂಬಂಧ ಎಂದು ಹೇಳುವುದಿಲ್ಲ. ಆ ಸಂಬಂಧ ಇರುವುದು ಪ್ಯಾರಾದ ಶುರುವಿನ ಸಣ್ಣ ಪದಗಳಲ್ಲಿ: ಆದರೆ, ಯಾಕೆಂದರೆ, ಹಾಗಾಗಿ, ಹಾಗಿದ್ದರೂ. ಬರೆಯುವಾಗ ಅವಕ್ಕೆ ನಾವು ಬೆಲೆಯನ್ನೇ ಕೊಡುವುದಿಲ್ಲ, ಕತ್ತರಿಸುವಾಗ ಮೊದಲು ಹೋಗುವುದೂ ಅವೇ. ಅವು ಹೋದ ಮೇಲೆ ಉಳಿಯುವುದು ಒಂಬತ್ತು ಬಿಡಿ ಸಲಹೆಗಳು.

ಇದನ್ನು ಕಂಡುಹಿಡಿಯಲು ನನಗೆ ಸಿಕ್ಕ ಸುಲಭದ ಉಪಾಯ, ಇಸ್ಪೀಟಿನ ಎಲೆಯ ಹಾಗೆ ಸ್ಲೈಡುಗಳನ್ನು ಕಲಸುವುದು. ಮೂರನೆಯದನ್ನು ಏಳನೆಯದರ ಜಾಗಕ್ಕೆ ಹಾಕಿ, ಏಳನೆಯದನ್ನು ಮೂರಕ್ಕೆ ತನ್ನಿ. ಓದಿದರೆ ಏನೂ ಕೆಟ್ಟಂತೆ ಅನಿಸದಿದ್ದರೆ ಅಲ್ಲಿ ವಾದ ಇಲ್ಲ, ಪಟ್ಟಿ ಇದೆ. ನನ್ನ ಒಂಬತ್ತು ಸ್ಲೈಡುಗಳನ್ನು ಹೇಗೆ ಬೇಕಾದರೂ ಜೋಡಿಸಬಹುದಿತ್ತು.

ಎರಡನೆಯದು: ಒಳ್ಳೆಯ ಸಾಲುಗಳನ್ನು ಹೆಕ್ಕುವುದು

ಲೇಖನವನ್ನು ಪ್ರಿಂಟ್ ತೆಗೆದು, ಹಳದಿ ಪೆನ್ನಿನಲ್ಲಿ ಇಷ್ಟವಾದ ಸಾಲುಗಳಿಗೆ ಗೀಟು ಎಳೆದೆ. ಒಂದೂವರೆ ಗಂಟೆ ಹಿಡಿಯಿತು. ಉಪಶೀರ್ಷಿಕೆಗಿಂತ ಇದು ವಾಸಿ, ಕಡೇಪಕ್ಷ ನನ್ನ ದನಿ ಉಳಿಯಿತು. ಆದರೆ ಕಣ್ಣು ಹೋಗುವುದು ಚೂಪಾದ ಸಾಲಿಗೆ. ಚೂಪಾದ ಸಾಲು ಸಾಮಾನ್ಯವಾಗಿ ತೀರ್ಮಾನದ ಸಾಲು. ಆ ತೀರ್ಮಾನಕ್ಕೆ ಹೇಗೆ ಬಂದೆ ಎನ್ನುವುದು ಪಕ್ಕದ ಸಪ್ಪೆ ಸಾಲಿನಲ್ಲಿರುತ್ತದೆ, ಅದಕ್ಕೆ ಹಳದಿ ಬೀಳುವುದಿಲ್ಲ. ಬೇರಿಗೆ ಗಾಳಿಯೂ ಬೇಕು ಎಂಬ ಮಾತು ನನ್ನ ವಾದದ ಬೆನ್ನೆಲುಬು. ಅದಕ್ಕೆ ನಾನೇ ಗೀಟು ಹಾಕಿರಲಿಲ್ಲ!

ಮೂರನೆಯದು: ಮುಚ್ಚಿಟ್ಟು ಹೇಳುವುದು

ಇದು ಆಕಸ್ಮಿಕವಾಗಿ ಸಿಕ್ಕಿದ್ದು. ಪುದೀನದ ಫೋಟೋ ಬಂದ ದಿನ ತಂಗಿಗೆ ಫೋನಿನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದೆ. ಅವಳು ಲೇಖನ ಓದಿರಲಿಲ್ಲ.

'ಅಕ್ಕಾ, ಅದರಲ್ಲಿ ಏನಂತ ಬರೆದಿದ್ದೆ, ಒಂದೇ ಮಾತಲ್ಲಿ ಹೇಳು' ಅಂದಳು.

'ಬಾಡಿದ ಗಿಡಕ್ಕೆ ತಕ್ಷಣ ನೀರು ಹಾಕಬೇಡ ಅಂತ.'

'ಅದೆಂಗೆ? ಬಾಡಿದೆ ಅಂದ್ರೆ ನೀರಿಲ್ಲ ಅಂತಾನೇ ಅಲ್ವಾ?'

ಅಲ್ಲ, ನೀರು ಜಾಸ್ತಿಯಾದರೂ ಬಾಡುತ್ತೆ ಅಂದೆ. 'ಯಾಕೆ?' ಅಂದಳು. ಬೇರು ಕೊಳೆಯುತ್ತೆ ಅಂದೆ. 'ನೀರಲ್ಲಿ ಬೇರು ಯಾಕೆ ಕೊಳೆಯತ್ತೆ?' ಹೀಗೆ ಅವಳು ಕೇಳುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ಫೋನಿಟ್ಟ ಮೇಲೆ ನೋಡಿದರೆ ಕೈಯಲ್ಲಿದ್ದ ಚೀಟಿಯ ಮೇಲೆ ಆರು ಸಾಲು ಇದ್ದವು. ಪ್ರತಿ ಸಾಲೂ ಅವಳ ಒಂದೊಂದು ಪ್ರಶ್ನೆಗೆ ಉತ್ತರ. ಮುಂದಿನ ಸ್ಲೈಡಿಗೆ ಬೆರಳು ಸರಿಯಬೇಕಾದ್ದೂ ಅಂಥದೇ ಪ್ರಶ್ನೆಯಿಂದ ತಾನೇ?

ಸ್ವಲ್ಪ ತಿದ್ದಿದ ಮೇಲೆ ಅವು ಹೀಗಾದವು:

1. ಗಿಡ ಬಾಡಿದೆಯೇ? ನೀರು ಹಾಕುವ ಮೊದಲು ಮಣ್ಣು ಮುಟ್ಟಿ ನೋಡಿ.
2. ಯಾಕೆಂದರೆ ನೀರು ಕಡಿಮೆಯಾದರೂ ಎಲೆ ಬಾಡುತ್ತದೆ, ಜಾಸ್ತಿಯಾದರೂ ಬಾಡುತ್ತದೆ. ಎಲೆ ನೋಡಿ ಹೇಳುವುದು ಕಷ್ಟ.
3. ಬೇರಿಗೆ ನೀರಿನ ಜೊತೆ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿ ನಿಂತರೆ ಗಾಳಿಗೆ ಜಾಗ ಇರುವುದಿಲ್ಲ.
4. ಗಾಳಿ ಸಿಗದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಅದಕ್ಕೇ ಒದ್ದೆ ಮಣ್ಣಿನಲ್ಲಿದ್ದರೂ ಗಿಡ ಬಾಡುತ್ತದೆ.
5. ಹಾಗಾಗಿ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ. ಒಣಗಿದ್ದರೆ ನೀರು ಹಾಕಿ. ಒದ್ದೆ ಇದ್ದರೆ ಕಾಯಿರಿ.
6. ಎಷ್ಟು ದಿನಕ್ಕೊಮ್ಮೆ? ನೆರಳಿನ ದೊಡ್ಡ ಕುಂಡಕ್ಕೆ ವಾರಕ್ಕೆ ಎರಡು ಸಲ ಸಾಕಾಗಬಹುದು. ಬಿಸಿಲಿನ ಪುಟ್ಟ ಮಣ್ಣಿನ ಕುಂಡಕ್ಕೆ ದಿನಾ ಬೇಕಾಗಬಹುದು. ಬೆರಳನ್ನೇ ಕೇಳಿ.

ಎರಡು ಸಾವಿರ ಪದ ಇಲ್ಲಿ ಎಪ್ಪತ್ತು ಚಿಲ್ಲರೆಗೆ ಇಳಿಯಿತು. ಈಗ ಮೂರನ್ನೂ ಐದನ್ನೂ ಅದಲುಬದಲು ಮಾಡಿ ನೋಡಿ. 'ಹಾಗಾಗಿ' ಗಾಳಿಯಲ್ಲಿ ನೇತಾಡುತ್ತದೆ. ಇನ್ನೊಂದು ಪರೀಕ್ಷೆ, ಒಂದೊಂದೇ ಸ್ಲೈಡ್ ತೆಗೆದು ಓದುವುದು. ಮೂರನೆಯದನ್ನು ತೆಗೆದರೆ ನಾಲ್ಕರ 'ಗಾಳಿ ಸಿಗದ ಬೇರು' ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಹಾಗಾದರೆ ಅದು ಇರಲೇಬೇಕು. ಮೊದಲ ಕರಡಿನಲ್ಲಿ ನೀರಿನ ಗುಣಮಟ್ಟದ ಬಗ್ಗೆಯೂ ಒಂದು ಸ್ಲೈಡ್ ಇತ್ತು. ತೆಗೆದು ನೋಡಿದೆ, ಯಾವುದಕ್ಕೂ ಏನೂ ಆಗಲಿಲ್ಲ. ಬಿಟ್ಟೆ. ಲೇಖನದಲ್ಲಿ ಅದಕ್ಕೆ ಮುನ್ನೂರು ಪದ ಖರ್ಚು ಮಾಡಿದ್ದೆ, ಹೊಟ್ಟೆ ಉರಿಯಿತು.

ಬಾಯಲ್ಲಿ ಹೇಳುವಾಗ ಒಂದು ಅಪಾಯ ಇದೆ. ಮಾತಿನ ಭರದಲ್ಲಿ 'ಬಹುದು' ಹೋಗಿ 'ಲೇಬೇಕು' ಬಂದುಬಿಡುತ್ತದೆ. ಅದಕ್ಕೇ ಚೀಟಿ ಬರೆದ ಮೇಲೆ ಲೇಖನ ತೆರೆದು, ಪ್ರತಿ ಸಾಲೂ ಅಲ್ಲಿ ಹೇಳಿದ್ದಕ್ಕಿಂತ ಜೋರಾಗಿದೆಯೇ ಎಂದು ನೋಡಬೇಕು. ನನ್ನ ಎರಡನೇ ಸ್ಲೈಡಿನಲ್ಲಿ ಮೊದಲು 'ಎಲೆ ನೋಡಿ ಹೇಳಲು ಸಾಧ್ಯವೇ ಇಲ್ಲ' ಎಂದಿತ್ತು. ಲೇಖನದಲ್ಲಿ ನಾನು ಹೇಳಿದ್ದು 'ಕಷ್ಟ' ಅಂತ.

ನನ್ನನ್ನು ಅತಿ ಸತಾಯಿಸಿದ್ದು: ಷರತ್ತು ಎಲ್ಲಿಡುವುದು?

ಮೂರನೇ ದಾರಿಯಲ್ಲೂ ಈ ತೊಂದರೆ ಬಿಡಲಿಲ್ಲ. ಚೀಟಿಯಲ್ಲಿ ಐದನೇ ಸಾಲಿನಲ್ಲೇ 'ವಾರಕ್ಕೆ ಎರಡು ಸಲ' ಬಂದಿತ್ತು, ಮಣ್ಣಿನ ಕುಂಡದ ಅಪವಾದ ಆರರಲ್ಲಿತ್ತು. ಬಾಯಲ್ಲಿ ಹೇಳುವಾಗ ಇದು ಸರಿ. ಕೇಳುವವರು ಎದ್ದು ಹೋಗುವುದಿಲ್ಲ, ಮುಂದಿನ ಮಾತಿಗೆ ಕಾಯುತ್ತಾರೆ. ಸ್ಲೈಡಿಗೆ ಆ ಭಾಗ್ಯ ಇಲ್ಲ. ಜನ ಐದರಲ್ಲೇ ನಿಲ್ಲಿಸುತ್ತಾರೆ, ಅದರದ್ದೊಂದೇ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ.

ಮೊದಲು ಷರತ್ತನ್ನು ಕ್ಯಾಪ್ಶನ್‌ಗೆ ಹಾಕಿ ನೋಡಿದೆ. ಕ್ಯಾಪ್ಶನ್ ಮಡಚಿಕೊಂಡಿರುತ್ತದೆ, ಒತ್ತಿ ಬಿಚ್ಚಿದರೆ ಮಾತ್ರ ಪೂರ್ತಿ ಕಾಣುತ್ತದೆ. ಸ್ಕ್ರೀನ್‌ಶಾಟಿನ ಜೊತೆ ಅದು ಹೋಗುವುದೂ ಇಲ್ಲ. ಆಮೇಲೆ ಐದರ ಕೆಳಗೆ ನಕ್ಷತ್ರ ಚಿಹ್ನೆ ಹಾಕಿ ಸಣ್ಣಕ್ಷರದಲ್ಲಿ ಬರೆದೆ. ಫೋನಿನಲ್ಲಿ ಆ ಅಕ್ಷರ ಇರುವೆ ಸಾಲಿನ ಹಾಗೆ ಕಂಡಿತು.

ಕೊನೆಗೆ ಹೊಳೆದದ್ದು ಇದು: ಯಾವ ಮಾತು ಷರತ್ತಿಲ್ಲದೆ ಸುಳ್ಳಾಗುತ್ತದೋ, ಆ ಮಾತೂ ಷರತ್ತೂ ಒಂದೇ ಸ್ಲೈಡಿನಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಇರಬೇಕು. ಜಾಗ ಸಾಲದಿದ್ದರೆ ಮಾತನ್ನೇ ಬಿಡಬೇಕು. ಅದಕ್ಕೇ 'ವಾರಕ್ಕೆ ಎರಡು ಸಲ' ಐದರಿಂದ ಆರಕ್ಕೆ ಹೋಗಿ, ಅಪವಾದದ ಪಕ್ಕದಲ್ಲೇ ಕೂತಿತು. ಈಗ ಆರನ್ನು ಒಂಟಿಯಾಗಿ ಕಳಿಸಿದರೂ ಯಾರ ಪುದೀನವೂ ಸಾಯುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದ ನಿರ್ಧಾರ ಇರುವುದು ಬಾಲದಲ್ಲಿ. 'ಬಾಡಿದ ಗಿಡಕ್ಕೆ ತಕ್ಷಣ ನೀರು ಹಾಕ' ಎನ್ನುವವರೆಗೆ ಓದಿದರೂ ಮುಂದೆ 'ಬೇಕು' ಬರುತ್ತದೋ 'ಬಾರದು' ಬರುತ್ತದೋ ಗೊತ್ತಿಲ್ಲ. ಮುಖಪುಟದಲ್ಲಿ ದೊಡ್ಡ ಅಕ್ಷರ ಹಾಕಿ, ಆ ಬಾಲ ಮೂರನೇ ಸಾಲಿಗೆ ಬಿದ್ದರೆ, ಓಡುವ ಕಣ್ಣಿಗೆ ಕಾಣುವುದು 'ತಕ್ಷಣ ನೀರು' ಮಾತ್ರ. ಹಾಗಾಗಿ ಮುಖಪುಟದಲ್ಲಿ 'ಬಾರದು' ಎಂದು ಮುಗಿಯುವ ವಾಕ್ಯ ನಾನು ಇಡುವುದಿಲ್ಲ. ಮಾಡಬೇಕಾದ್ದನ್ನೇ ಹೇಳುತ್ತೇನೆ: ಮಣ್ಣು ಮುಟ್ಟಿ ನೋಡಿ.

ಅಕ್ಷರದ ಬಗ್ಗೆ ಒಂದೇ ಮಾತು. ಸಾಲುಗಳ ನಡುವಿನ ಅಂತರ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಸಡಿಲ ಬಿಡಿ.

ಸ್ಲೈಡಿನ ಸಂಖ್ಯೆಯ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಇನ್‌ಸ್ಟಾಗ್ರಾಮ್ 2024ರಲ್ಲಿ ಮಿತಿಯನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿತು. ನನಗೇನೂ ಉಪಯೋಗ ಆಗಲಿಲ್ಲ. ಫೋನಿನಲ್ಲಿ ಎದುರಿನವರು ಇಪ್ಪತ್ತು ಸಲ 'ಯಾಕೆ' ಅನ್ನುವುದಿಲ್ಲ.

ನಾನು ಯಾವುದನ್ನು ಬಳಸುತ್ತೇನೆ

ಮೂರನೆಯದನ್ನೇ. ಒಂದು ಕ್ಯಾರೊಸೆಲ್‌ಗೆ ನನಗೆ ಒಂದು ಫೋನು, ಒಂದು ಸಂಜೆ, ಮಾರನೇ ದಿನ ಲೇಖನದ ಜೊತೆ ಹೋಲಿಸಲು ಅರ್ಧ ಗಂಟೆ ಬೇಕು. ನಾನು ತಿಂಗಳಿಗೆ ಬರೆಯುವುದೇ ಎರಡು ಲೇಖನ, ಅದಕ್ಕೇ ಇದು ನಡೆಯುತ್ತದೆ. ದಿನಕ್ಕೊಂದು ಪೋಸ್ಟ್ ಹಾಕುವವರಿಗೆ ಇದು ಆಗದ ಮಾತು, ಅವರ ತಂಗಿಯರು ಫೋನ್ ಎತ್ತುವುದನ್ನೇ ಬಿಟ್ಟಾರು. ಡಿಸೈನ್‌ಗೆ ಈಗಲೂ ದುಡ್ಡು ಕೊಡುತ್ತೇನೆ, ಆದರೆ ಲೇಖನದ ಬದಲು ಚೀಟಿ ಕಳಿಸುತ್ತೇನೆ. ಅವರಿಗೂ ಕೆಲಸ ಕಡಿಮೆ, ನನಗೂ ಬಿಲ್ಲು ಕಡಿಮೆ.

ಹಳದಿ ಪೆನ್ನನ್ನು ಪೂರ್ತಿ ಬಿಟ್ಟಿಲ್ಲ. ಆರು ಸಾಲು ಗಟ್ಟಿಯಾದ ಮೇಲೆ, ಅವುಗಳಲ್ಲಿ ಯಾವುದನ್ನಾದರೂ ಲೇಖನದಲ್ಲೇ ಇನ್ನೂ ಚೆನ್ನಾಗಿ ಹೇಳಿದ್ದೆನಾ ಎಂದು ಹುಡುಕಲು ಬೇಕಾಗುತ್ತದೆ.

ಉಪಶೀರ್ಷಿಕೆ ದಾರಿಯೂ ಒಂದು ಕಡೆ ಸರಿಹೋಗುತ್ತದೆ: ಲೇಖನವೇ ಪಟ್ಟಿಯಾಗಿದ್ದಾಗ. ಹೋದ ವಾರ ಗಿಡ ಬೆಳೆಸಲು ಬೇಕಾಗುವ ಎಂಟು ಸಾಮಾನಿನ ಬಗ್ಗೆ ಬರೆದಿದ್ದೆ. ಶೀರ್ಷಿಕೆಗಳನ್ನು ಹಾಗೇ ಎತ್ತಿ ಸ್ಲೈಡಿಗೆ ಹಾಕಿದೆ, ನಲವತ್ತು ನಿಮಿಷದಲ್ಲಿ ಮುಗಿಯಿತು. ಕಲಸಿ ನೋಡಿದೆ. ಕತ್ತರಿ ಮೊದಲು ಬಂದರೂ ಸರಿ, ಕೈಗವಸು ಮೊದಲು ಬಂದರೂ ಸರಿ. ತಂಗಿಗೆ ಫೋನ್ ಮಾಡಲಿಲ್ಲ.