ಅಮ್ಮನ ಶುಗರ್ ಫೋಟೊ ಓದಿ ಲೆಕ್ಕ ಕೊಡುವ ಆಪ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ. ಮೊದಲ ತಿಂಗಳು ಕೇಳಿದ್ದರೆ ಐದು ಕೊಡುತ್ತಿದ್ದೆ, ಮೂರನೇ ತಿಂಗಳು ಕೇಳಿದ್ದರೆ ಒಂದು.

ಅಮ್ಮ ಇರುವುದು ಸಾಗರದಲ್ಲಿ, ನಾನು ಬೆಂಗಳೂರಿನಲ್ಲಿ. ದಿನಕ್ಕೆ ಎರಡು ಸಲ ಶುಗರ್ ನೋಡಿಕೊಳ್ಳುತ್ತಾಳೆ: ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು, ತಿಂಡಿ ತಿಂದು ಎರಡು ಗಂಟೆ ಆದ ಮೇಲೆ ಇನ್ನೊಂದು. ಬರೆದಿಡು ಅಂದರೆ ಬರೆಯಲ್ಲ, ಕನ್ನಡಕ ಹುಡುಕಬೇಕು, ಪೆನ್ನು ಹುಡುಕಬೇಕು. ಮಷೀನಿನ ಫೋಟೊ ಮಾತ್ರ ತಪ್ಪದೆ ವಾಟ್ಸಾಪ್‌ಗೆ ಹಾಕುತ್ತಾಳೆ. ಹಾಗಾಗಿ ವಾರಕ್ಕೆ ಹದಿನಾಲ್ಕು ಫೋಟೊ. ಮೊದಲೆಲ್ಲ ಭಾನುವಾರ ಕೂತು ನಾನೇ ಒಂದೊಂದಾಗಿ ನೋಡಿ ಬರೆದುಕೊಳ್ಳುತ್ತಿದ್ದೆ. ಈ ಆಪ್‌ಗೆ ಅಷ್ಟೂ ಫೋಟೊ ಒಟ್ಟಿಗೆ ಕೊಟ್ಟರೆ ಸಾಕು, ಅರ್ಧ ನಿಮಿಷದಲ್ಲಿ ಅಂಕಿಗಳನ್ನು ಓದಿ ವಾರದ ಸರಾಸರಿ, ಅತಿ ಹೆಚ್ಚು, ಅತಿ ಕಡಿಮೆ ಅಂತ ಮೂರು ಸಂಖ್ಯೆ ಕೊಡುತ್ತದೆ. ಒಂದು ಪುಟದ ಪಿಡಿಎಫ್ ಕೂಡ ಬರುತ್ತದೆ, ಅದನ್ನು ಡಾಕ್ಟರಿಗೆ ಕಳಿಸಬಹುದು. ಆಪ್ ಹೆಸರು ಬೇಡ ಬಿಡಿ, ಫೋಟೊ ಓದುವ ಯಾವ ಆಪ್‌ನಲ್ಲೂ ಈ ತೊಂದರೆ ಬರಬಹುದು.

ಮೂರನೇ ತಿಂಗಳಲ್ಲಿ ಒಂದು ವಾರ ಬಂದ ಲೆಕ್ಕ ಹೀಗಿತ್ತು: ಸರಾಸರಿ 158, ಹೆಚ್ಚು 251, ಕಡಿಮೆ 109. ನೋಡಿ ಎದೆ ಧಸಕ್ ಅಂತು. ಅಮ್ಮನಿಗೆ ತಿಂಡಿಯ ಮೇಲೆ ಇನ್ನೂರು ದಾಟುವುದೇ ಅಪರೂಪ. ಫೋನ್ ಮಾಡಿ "ಮಂಗಳವಾರ ಏನು ತಿಂದೆ ಅಮ್ಮಾ?" ಅಂತ ಕೇಳಿದೆ. "ನೀರ್ದೋಸೆ ಕಣೋ, ಅದೂ ಎರಡೇ" ಅಂದಳು. ನಾನು ನಂಬಲಿಲ್ಲ. ಪಾಪ, ಐದು ನಿಮಿಷ ಬೈಸಿಕೊಂಡಳು.

ಆಮೇಲೆ ಆ ಫೋಟೊ ತೆಗೆದು ನೋಡಿದರೆ ಮಷೀನು ತಲೆಕೆಳಗಾಗಿತ್ತು! ಸ್ಟ್ರಿಪ್ ತನ್ನ ಕಡೆ ಇರಬೇಕು ಅಂತ ತಿರುಗಿಸಿ ಹಿಡಿದು, ಹಾಗೇ ಫೋಟೊ ತೆಗೆದಿದ್ದಾಳೆ. ಗ್ಲುಕೋಮೀಟರಿನ ಪರದೆಯಲ್ಲಿ ಪ್ರತಿ ಅಂಕಿಯೂ ಏಳು ಚಿಕ್ಕ ಗೆರೆಗಳಿಂದ ಆಗುತ್ತದೆ, ಹಳೇ ಕ್ಯಾಲ್ಕುಲೇಟರ್ ಥರ. ಹಾಗೆ ಬರೆದ 2 ತಿರುಗಿಸಿದರೂ 2ರ ಹಾಗೇ ಕಾಣುತ್ತದೆ, 5 ತಿರುಗಿಸಿದರೂ 5, 1 ಕೂಡ ಹೆಚ್ಚುಕಮ್ಮಿ ಹಾಗೇ. ಹಾಗಾಗಿ 152 ತಲೆಕೆಳಗಾದರೆ ಚೊಕ್ಕವಾಗಿ 251. ಆಪ್‌ಗೆ ಅನುಮಾನ ಬರುವುದಕ್ಕೆ ಕಾರಣವೇ ಇಲ್ಲ, ಎರಡೂ ಆಗಬಹುದಾದ ಶುಗರೇ. ಪಕ್ಕದಲ್ಲಿ ಚಿಕ್ಕದಾಗಿರುವ mg/dL ಅಕ್ಷರ ತಲೆಕೆಳಗಾಗಿದೆಯಾ ಅಂತ ನೋಡಿದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಆಪ್ ಅದನ್ನು ನೋಡಲ್ಲ.

ಇದು ಒಂದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು, ಅದು ನನಗೆ ಎರಡು ದಿನ ಬಿಟ್ಟು ಗೊತ್ತಾಯಿತು. ಅದೂ ಅಮ್ಮ ಮಾತಿನ ಮಧ್ಯೆ "ಶುಕ್ರವಾರ ಬೆಳಿಗ್ಗೆ ಸ್ವಲ್ಪ ತಲೆ ತಿರುಗಿತ್ತು, ಸಕ್ಕರೆ ನೀರು ಕುಡಿದೆ" ಅಂದಿದ್ದರಿಂದ. ಗುರುವಾರ ಸಂಕಷ್ಟಿ. ಮಳೆಗಾಲ, ಚಂದ್ರ ಕಾಣಲಿಲ್ಲ ಅಂತ ಕಾದು ಕಾದು ರಾತ್ರಿ ಒಂದು ಹಿಡಿ ಅವಲಕ್ಕಿ ತಿಂದು ಮಲಗಿದ್ದಾಳೆ, ಆದರೆ ಶುಗರ್ ಮಾತ್ರೆ ಮಾತ್ರ ತಪ್ಪಿಸಿಲ್ಲ. ಬೆಳಿಗ್ಗೆ ಬಂದಿದ್ದು 64. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಲೋ ಶುಗರ್ ಅಂತಲೇ ಲೆಕ್ಕ. ಫೋಟೊ ಕಳಿಸಿದ್ದಳು, ನಾನು ತೆರೆದು ನೋಡದೆ ಆಪ್‌ಗೆ ಹಾಕಿದ್ದೆ. ಶುಗರ್ ಇಳಿದಾಗ ಕೈ ನಡುಗುತ್ತದೆ ಅಲ್ವಾ, ಆ ಫೋಟೊ ಪೂರ್ತಿ ಅಲುಗಾಡಿ ಮಬ್ಬಾಗಿತ್ತು. ಆಪ್‌ಗೆ ಓದಲು ಆಗಲಿಲ್ಲ, ಸುಮ್ನೆ ಬಿಟ್ಟುಬಿಟ್ಟಿತು. ಓದಲಾಗಲಿಲ್ಲ ಅಂತ ಒಂದು ಮಾತೂ ಇಲ್ಲ. ಯೋಚನೆ ಮಾಡಿ, ವಾರದಲ್ಲಿ ನಾನು ನೋಡಲೇಬೇಕಿದ್ದ ಒಂದೇ ಒಂದು ಅಂಕಿ ಅದು.

ಕೂತು ಕೈಯಲ್ಲೇ ಲೆಕ್ಕ ಹಾಕಿದೆ. ಹದಿನಾಲ್ಕೂ ಸರಿಯಾಗಿ ಸೇರಿಸಿದರೆ ಮೊತ್ತ 2016, ಸರಾಸರಿ 144. ಹೆಚ್ಚು 194, ಕಡಿಮೆ 64. ಆಪ್ 152ರ ಬದಲು 251 ಹಿಡಿದು, 64 ಬಿಟ್ಟು, 2051 ಅನ್ನು ಹದಿಮೂರರಿಂದ ಭಾಗಿಸಿ 158 ಅಂದಿತ್ತು. ಎರಡು ಫೋಟೊ ಕೆಟ್ಟಿದ್ದಕ್ಕೆ ಮೂರು ಸಂಖ್ಯೆಯೂ ತಪ್ಪು. ತಪ್ಪಿನ ದಿಕ್ಕು ನೋಡಿ: ಆಪ್ ಹೇಳಿದ್ದು 'ಶುಗರ್ ಏರುತ್ತಿದೆ' ಅಂತ, ನಿಜವಾಗಿ ಆಗಿದ್ದು ರಾತ್ರಿ ಶುಗರ್ ಇಳಿದದ್ದು. ಆ ಪಿಡಿಎಫ್ ಡಾಕ್ಟರಿಗೆ ಹೋಗಿದ್ದರೆ ಮಾತ್ರೆ ಜಾಸ್ತಿ ಮಾಡಿ ಅಂದಿದ್ದರೂ ಅನ್ನಬಹುದಿತ್ತು. ಸರಿಯಾದ ಅಂಕಿ ಕಳಿಸಿದ ಮೇಲೆ ಅವರು ಮೊದಲು ಕೇಳಿದ್ದೇ "ಉಪವಾಸದ ದಿನ ರಾತ್ರಿ ಮಾತ್ರೆ ತಗೊಂಡ್ರಾ?" ಅಂತ.

ಆಗ ಆಪ್ ತೆಗೆದೇ ಹಾಕಬೇಕು ಅಂತಿದ್ದೆ, ಒಂದು ಸ್ಟಾರ್ ಕೊಟ್ಟಿದ್ದೂ ಆಗಲೇ. ತೆಗೆಯದೆ ಇರುವುದಕ್ಕೆ ಕಾರಣ, ತಪ್ಪು ಎಲ್ಲಿ ಬಂದು ಕೂರುತ್ತದೆ ಅಂತ ಗೊತ್ತಾದದ್ದು. ದೊಡ್ಡ ತಪ್ಪುಗಳು ಬಂದು ಬೀಳುವುದೇ 'ಹೆಚ್ಚು' ಅಥವಾ 'ಕಡಿಮೆ' ಜಾಗದಲ್ಲಿ. ಇನ್ನೊಂದು ಸಲ ಟ್ಯೂಬ್‌ಲೈಟಿನ ಬೆಳಕು ಗಾಜಿನ ಮೇಲೆ ಬಿದ್ದು 118ರ ಮೊದಲ 1 ಮರೆಯಾಗಿ, ವಾರದ ಅತಿ ಕಡಿಮೆ 18 ಅಂತ ಬಂತು. ನಮ್ಮ ಮಷೀನು 20ಕ್ಕಿಂತ ಕೆಳಗೆ ಅಂಕಿಯನ್ನೇ ತೋರಿಸಲ್ಲ, Lo ಅಂತ ಅಕ್ಷರ ಬರುತ್ತದೆ. ಅಂದರೆ 18 ಅನ್ನುವ ಅಂಕಿ ಆ ಪರದೆಯಲ್ಲಿ ಬರಲು ಸಾಧ್ಯವೇ ಇಲ್ಲ, ಇದನ್ನಾದರೂ ಆಪ್ ತಾನೇ ಹಿಡಿಯಬೇಕಿತ್ತು.

ಹಾಗಾಗಿ ಈಗ ಭಾನುವಾರ ಎರಡೇ ಕೆಲಸ ಮಾಡುತ್ತೇನೆ. ಹೆಚ್ಚು ಮತ್ತು ಕಡಿಮೆ ಅಂತ ತೋರಿಸಿದ ಎರಡು ಫೋಟೊ ತೆರೆದು ಕಣ್ಣಾರೆ ನೋಡುತ್ತೇನೆ, ಆಮೇಲೆ ಕೊಟ್ಟ ಫೋಟೊ ಎಷ್ಟು, ಓದಿದ ಅಂಕಿ ಎಷ್ಟು ಅಂತ ಎಣಿಸುತ್ತೇನೆ. ಹದಿಮೂರು ಬಂದರೆ ಬಿಟ್ಟುಹೋದ ಒಂದನ್ನು ಹುಡುಕಿ ಕೈಯಲ್ಲಿ ಸೇರಿಸುತ್ತೇನೆ. ಹದಿನೈದು ಬಂದರೆ ಅಮ್ಮ ಒಂದನ್ನೇ ಎರಡು ಸಲ ಕಳಿಸಿದ್ದಾಳೆ ಅಂತ ಅರ್ಥ. ಮಧ್ಯದಲ್ಲಿ ಯಾವುದಾದರೂ ತಪ್ಪಾಗಿದ್ದರೆ? 172 ಅನ್ನು 122 ಅಂತ ಓದಿದರೂ ಸರಾಸರಿ ಮೂರೂವರೆ ಕಡಿಮೆಯಾಗುತ್ತದೆ ಅಷ್ಟೇ. ಮಷೀನುಗಳಿಗೇ ನೂರರ ಮೇಲೆ ಶೇಕಡಾ 15ರಷ್ಟು ಆಚೀಚೆ ಇರಲು ಅವಕಾಶ ಇದೆ, ಹಾಗಾಗಿ ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲ್ಲ.

ಸರಾಸರಿ ಬಗ್ಗೆ ಒಂದು ಮಾತು. ಆ ವಾರದ 144 ಒಂದು ದಿನವೂ ಅಮ್ಮನ ಶುಗರ್ ಆಗಿರಲಿಲ್ಲ! ಖಾಲಿ ಹೊಟ್ಟೆಯದು ಬೇರೆ ಮಾಡಿದರೆ ಸರಾಸರಿ 112, ತಿಂಡಿ ಮೇಲಿನದು 176. ಎರಡನ್ನೂ ಕಲಸಿದರೆ ನಡುವೆ ಎಲ್ಲೋ ಬಂದು ನಿಲ್ಲುತ್ತದೆ. ಅಮ್ಮ ಸೋಮಾರಿತನದಿಂದ ತಿಂಡಿ ಮೇಲಿನದನ್ನು ನಾಲ್ಕು ದಿನ ಬಿಟ್ಟರೆ ಸರಾಸರಿ ತಾನಾಗಿಯೇ ಇಳಿಯುತ್ತದೆ, ಶುಗರ್ ಇಳಿದಿರುವುದಿಲ್ಲ. ಕಳೆದ ಅಪ್‌ಡೇಟ್‌ನಲ್ಲಿ ಪ್ರತಿ ಫೋಟೊಗೆ ಊಟಕ್ಕೆ ಮೊದಲು, ಊಟದ ನಂತರ ಅಂತ ಗುರುತು ಹಾಕುವ ಸೌಲಭ್ಯ ಕೊಟ್ಟಿದ್ದಾರೆ, ಎರಡು ಸರಾಸರಿ ಬೇರೆ ಬೇರೆ ಬರುತ್ತವೆ. ನಾನು ಮೂರು ಸ್ಟಾರ್‌ಗೆ ಏರಿಸಿದ್ದು ಇದಕ್ಕೇ.

ಗುರುತನ್ನು ನಾವೇ ಕೈಯಲ್ಲಿ ಹಾಕಬೇಕು ಅನ್ನುವುದು ಒಂದು ರಗಳೆ. ವಾಟ್ಸಾಪ್‌ನಲ್ಲಿ ಬಂದ ಫೋಟೊದಲ್ಲಿ ತೆಗೆದ ಹೊತ್ತಿನ ಮಾಹಿತಿ ಉಳಿಯಲ್ಲ, ಭಾನುವಾರ ಒಟ್ಟಿಗೆ ಇಳಿಸಿಕೊಂಡರೆ ಆಪ್ ಪ್ರಕಾರ ಹದಿನಾಲ್ಕೂ ಭಾನುವಾರದ್ದೇ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ, ಆದರೆ ಅಮ್ಮನಿಗೆ ಅದನ್ನು ಕಲಿಸುವ ತಾಳ್ಮೆ ನನಗಿಲ್ಲ, ಕಲಿಯುವ ಮನಸ್ಸು ಅವಳಿಗಿಲ್ಲ. ಬದಲಿಗೆ ಈಗ ಫೋಟೊ ಕೆಳಗೆ 'ಖಾಲಿ 118', 'ತಿಂಡಿ 176' ಅಂತ ಅವಳೇ ಟೈಪ್ ಮಾಡುತ್ತಾಳೆ. ಬರೆಯಲ್ಲ ಅಂದವಳು! ಮೊನ್ನೆ ತಂಗಿ ಕೇಳಿದಳು, ಅಂಕಿ ಅಮ್ಮನೇ ಬರೆದು ಕಳಿಸುವುದಾದರೆ ಆಪ್ ಯಾಕೋ ಅಂತ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ, ಪಿಡಿಎಫ್ ಚೆನ್ನಾಗಿ ಬರುತ್ತದೆ ಅಂದೆ.