ಕೆಟ್ಟ ರಸ್ತೆ, ಡಂಬೆಲ್ ಮತ್ತು 170ರ ಹಾರ್ಟ್ ರೇಟ್: ವಾಚ್, ಆರ್ಮ್ ಬ್ಯಾಂಡ್, ಚೆಸ್ಟ್ ಸ್ಟ್ರಾಪ್ ಹೋಲಿಕೆ

ಕೂತಾಗ, ಮಲಗಿದಾಗ, ನಡೆಯುವಾಗ ಸ್ಮಾರ್ಟ್‌ವಾಚ್ ತೋರಿಸುವ ಹಾರ್ಟ್ ರೇಟ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಅದೇ ವಾಚ್ ಕಟ್ಟಿಕೊಂಡು ಧಾರವಾಡದ ಕೆಲಗೇರಿ ಕೆರೆ ಕಡೆಯ ಯಾವುದಾದರೂ ಕಿತ್ತುಹೋದ ಹಳ್ಳಿ ರಸ್ತೆಗೆ ಸೈಕಲ್ ಇಳಿಸಿ ನೋಡಿ. ಅಥವಾ ಜಿಮ್‌ಗೆ ಹೋಗಿ ಡಂಬೆಲ್ ಹಿಡಿಯಿರಿ. ನಂಬರ್ 170, 180 ಅಂತ ಏರಿ ಕೂತುಬಿಡುತ್ತದೆ. ನಮ್ಮ ಸೈಕಲ್ ಬಳಗದ ಹಿರಿಯರೊಬ್ಬರು ನನ್ನ ಕೈ ನೋಡಿ ಅಂದಿದ್ದರು: "ಏನಪಾ, ಹಾರ್ಟ್ 174 ಹೊಡ್ಯಾಕತ್ತೈತಿ, ನೀ ನೋಡಿದ್ರ ಆರಾಮ ಮಿರ್ಚಿ ಭಜಿ ಸುದ್ದಿ ಹೇಳಾಕತ್ತಿ!"

ಅವರ ಮಾತಿನಲ್ಲೇ ಮೊದಲ ಪರೀಕ್ಷೆ ಇದೆ. ನಿಜವಾಗಿ 174 ಇದ್ದರೆ ನನ್ನ ವಯಸ್ಸಿನವನಿಗೆ ಪೂರ್ತಿ ವಾಕ್ಯ ಮಾತಾಡಲು ಆಗುವುದಿಲ್ಲ, ಏದುಸಿರು ಬರುತ್ತದೆ. ಹಾಗಾದರೆ ಆ ನಂಬರ್ ಎಲ್ಲಿಂದ ಬಂತು? ಇದನ್ನು ನೋಡಲು ಮೂರನ್ನೂ ಒಟ್ಟಿಗೆ ಹಾಕಿಕೊಂಡು ಓಡಾಡಿದೆ. ಮಣಿಕಟ್ಟಿನಲ್ಲಿ ವಾಚ್, ತೋಳಿನಲ್ಲಿ ಆರ್ಮ್ ಬ್ಯಾಂಡ್, ಎದೆಗೆ ಚೆಸ್ಟ್ ಸ್ಟ್ರಾಪ್. ಮೂರರ ರೆಕಾರ್ಡಿಂಗ್ ಬೇರೆ ಬೇರೆ. ಆಮೇಲೆ ಗ್ರಾಫ್‌ಗಳನ್ನು ಒಂದರ ಕೆಳಗೊಂದು ಇಟ್ಟು ನೋಡುವುದು.

ಮೊದಲು ವಾಚ್ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ಅದರ ಬೆನ್ನಿನ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಡುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿಗೆ ಒಂದಿಷ್ಟು ಹೆಚ್ಚು ರಕ್ತ ಬರುತ್ತದೆ, ವಾಪಸ್ ಬರುವ ಬೆಳಕು ಅಷ್ಟೇ ಕಡಿಮೆಯಾಗುತ್ತದೆ. ಆ ಏರಿಳಿತವನ್ನು ವಾಚ್ ಎಣಿಸುತ್ತದೆ. ತೊಂದರೆ ಏನೆಂದರೆ ಈ ಏರಿಳಿತ ತೀರಾ ಸಣ್ಣದು. ವಾಪಸ್ ಬರುವ ಒಟ್ಟು ಬೆಳಕಿನಲ್ಲಿ ಬಡಿತದ ಪಾಲು ಸುಮಾರು ನೂರಕ್ಕೆ ಒಂದೆರಡು ಅಷ್ಟೇ. ವಾಚ್ ಒಂದು ಕೂದಲೆಳೆ ಜಾರಿದರೂ, ಅಂಚು ಎದ್ದು ಹೊರಗಿನ ಬಿಸಿಲು ನುಸುಳಿದರೂ ಅದಕ್ಕಿಂತ ದೊಡ್ಡ ಏರಿಳಿತ ಆಗುತ್ತದೆ. ಜಾತ್ರೆಯ ಡೊಳ್ಳಿನ ಮಧ್ಯೆ ಗಡಿಯಾರದ ಟಿಕ್ ಟಿಕ್ ಎಣಿಸಿದ ಹಾಗೆ.

ಇದು ಕಂಪನಿಗಳಿಗೆ ಗೊತ್ತಿಲ್ಲದ ವಿಷಯ ಏನಲ್ಲ. ಅದಕ್ಕೇ ವಾಚ್‌ನೊಳಗೆ ಚಲನೆ ಅಳೆಯುವ ಸೆನ್ಸರ್ ಕೂಡ ಇರುತ್ತದೆ. ಕೈ ಹೇಗೆ ಅಲುಗುತ್ತಿದೆ ಅಂತ ನೋಡಿ, ಆ ಅಲುಗಾಟದ ಪಾಲನ್ನು ಬೆಳಕಿನ ಸಿಗ್ನಲ್‌ನಿಂದ ಕಳೆದು, ಉಳಿದದ್ದು ಬಡಿತ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಸೈಕಲ್ ಮೇಲೆ ಮತ್ತು ಜಿಮ್‌ನಲ್ಲಿ ಈ ಲೆಕ್ಕವೇ ತಪ್ಪುತ್ತದೆ, ಆದರೆ ಎರಡು ಕಡೆ ತಪ್ಪುವ ರೀತಿ ಬೇರೆ.

ಸೈಕಲ್ ಕಥೆ ನೋಡೋಣ. ನವನಗರದಿಂದ ಉಣಕಲ್ ಕಡೆಗೆ ನಯವಾದ ಡಾಂಬರಿನ ಮೇಲೆ ಮೂರೂ ಒಂದೇ ಮಾತು ಹೇಳಿದವು: ಸ್ಟ್ರಾಪ್ 128, ಬ್ಯಾಂಡ್ 127, ವಾಚ್ 130. ಕೆಲಗೇರಿ ಕಡೆ ಜಲ್ಲಿ ಎದ್ದ ರಸ್ತೆಗೆ ಇಳಿದ ಕೆಲವೇ ಸೆಕೆಂಡಿಗೆ ವಾಚ್ 171ಕ್ಕೆ ಹಾರಿತು. ಸ್ಟ್ರಾಪ್ 134, ಬ್ಯಾಂಡ್ 136. ಹೃದಯ ಹಾಗೆ ಮೆಟ್ಟಿಲು ಹತ್ತಿದಂತೆ ಒಮ್ಮೆಲೇ ನಲವತ್ತು ಏರುವುದಿಲ್ಲ. ಗಟ್ಟಿಯಾಗಿ ಏರು ಹತ್ತಿದರೂ ಅದು ಅರ್ಧ ನಿಮಿಷ, ಒಂದು ನಿಮಿಷ ತೆಗೆದುಕೊಂಡು ಇಳಿಜಾರಾಗಿ ಏರುತ್ತದೆ. ಗ್ರಾಫ್‌ನಲ್ಲಿ ನೆಟ್ಟಗೆ ನಿಂತ ಗೋಡೆ, ಮೇಲೆ ಚಪ್ಪಟೆ ಗೆರೆ ಕಂಡರೆ ಅಲ್ಲೇ ಅನುಮಾನ ಪಡಬಹುದು.

ಆ 171 ಎಲ್ಲಿಂದ ಬಂತು ಅನ್ನುವುದು ನನಗೆ ಹೆಚ್ಚು ಕುತೂಹಲದ ವಿಷಯ. ಆಗ ನನ್ನ ಪೆಡಲ್ ವೇಗ ನಿಮಿಷಕ್ಕೆ 85 ಸುತ್ತು ಇತ್ತು. ಎಡಗಾಲು ಒಮ್ಮೆ, ಬಲಗಾಲು ಒಮ್ಮೆ ಒತ್ತಿದರೆ ನಿಮಿಷಕ್ಕೆ 170 ಒತ್ತು. ಪ್ರತಿ ಒತ್ತಿಗೂ ಹ್ಯಾಂಡಲ್ ಮೇಲೆ ಕೈ ಸ್ವಲ್ಪ ಎಳೆಯುತ್ತದೆ. ಈ ತಾಳಕ್ಕೆ ವಾಚ್ ಅಂಟಿಕೊಂಡಿರಬೇಕು. ಓಡುವವರಲ್ಲಿ ಇದು ತುಂಬಾ ಸಾಮಾನ್ಯ, ಹೆಜ್ಜೆ ನಿಮಿಷಕ್ಕೆ 160ರಿಂದ 180 ಬೀಳುವುದರಿಂದ ಹೆಜ್ಜೆಯನ್ನೇ ಬಡಿತ ಅಂತ ಓದುತ್ತದೆ. ಪರೀಕ್ಷಿಸಲು ಅದೇ ರಸ್ತೆಯ ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಸುಮ್ನೆ ಉರುಳಿದೆ. 171ರ ಅಂಟು ಬಿಟ್ಟಿತು. ಆದರೆ ನಂಬರ್ ಸರಿಹೋಗಲಿಲ್ಲ, 140, 162, 149 ಅಂತ ಅಲೆದಾಡಿತು. ಅಂದರೆ ಪೆಡಲ್ ಅರ್ಧ ಕಾರಣ, ರಸ್ತೆ ಇನ್ನರ್ಧ.

ರಸ್ತೆಯ ಪಾಲು ಹೀಗೆ. ಗುಂಡಿಗಳ ಮೇಲೆ ಮೈ ಸೆಕೆಂಡಿಗೆ ಎರಡು ಮೂರು ಸಲ ಎಗರಿದರೆ ಅದು ನಿಮಿಷಕ್ಕೆ 120ರಿಂದ 180. ಕಷ್ಟಪಡುವ ಹೃದಯ ಕೂಡ ಇದೇ ಅಳತೆಯಲ್ಲೇ ಬಡಿಯುತ್ತದೆ. ಎರಡೂ ಒಂದೇ ಜಾಗದಲ್ಲಿ ಇರುವಾಗ ಯಾವುದನ್ನು ಕಳೆಯಬೇಕು, ಯಾವುದನ್ನು ಉಳಿಸಬೇಕು ಅನ್ನುವುದು ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ. ಮೇಲಾಗಿ ಕೆಟ್ಟ ರಸ್ತೆಯಲ್ಲಿ ನಾವೆಲ್ಲ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತೇವೆ, ಮೈಭಾರ ಅಂಗೈಗೆ ಬೀಳುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಆಗ ವಾಚ್‌ನ ಒಂದು ಅಂಚು ಕೈಯ ಹಿಂಭಾಗಕ್ಕೆ ಒತ್ತುತ್ತದೆ, ಇನ್ನೊಂದು ಅಂಚು ಎದ್ದುಬಿಡುತ್ತದೆ.

ಅದೇ ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಮೂರು ಬೆರಳು ಮೇಲೆ, ಮಾಂಸ ಇರುವ ಕಡೆ ಸರಿಸಿ ಒಂದು ತೂತು ಬಿಗಿ ಮಾಡಿದಾಗ ದೊಡ್ಡ ಸುಧಾರಣೆ ಕಂಡಿತು. ಜಲ್ಲಿ ಮೇಲೂ ಹೆಚ್ಚಿನ ಹೊತ್ತು ಸ್ಟ್ರಾಪ್‌ಗಿಂತ ಐದಾರು ಬಡಿತದ ಒಳಗೇ ಇತ್ತು, ಆಗೊಮ್ಮೆ ಈಗೊಮ್ಮೆ ಹಾರುತ್ತಿತ್ತು. ತೀರಾ ಬಿಗಿ ಮಾಡಿದರೆ ರಕ್ತ ಓಡಾಟವೇ ಕಡಿಮೆಯಾಗಿ ಮತ್ತೆ ಕೆಡುತ್ತದೆ. ಚರ್ಮದ ಮೇಲೆ ಜಾರಬಾರದು, ಬೆರಳು ಜುಮ್ ಅನ್ನಬಾರದು, ಅಷ್ಟು ಬಿಗಿ ಸಾಕು. ದುಡ್ಡು ಖರ್ಚಿಲ್ಲದ ಉಪಾಯ ಇದು, ಮೊದಲು ಇದನ್ನೇ ಮಾಡಿ.

ಆರ್ಮ್ ಬ್ಯಾಂಡ್‌ನಲ್ಲೂ ಇರುವುದು ಇದೇ ಬೆಳಕಿನ ತಂತ್ರ. ಆದರೂ ಕೆಟ್ಟ ರಸ್ತೆಯಲ್ಲಿ ಅದು ಬಹಳ ಕಡಿಮೆ ಮೋಸ ಮಾಡಿತು. ಕಾರಣ ಜಾಗ. ತೋಳಿನಲ್ಲಿ ಮಾಂಸ ಜಾಸ್ತಿ, ಮೂಳೆ ಮತ್ತು ಸ್ನಾಯುರಜ್ಜುಗಳ ಕಾಟ ಕಡಿಮೆ. ಪಟ್ಟಿ ಅಗಲ, ಸೆನ್ಸರ್ ಹಗುರ, ಹಾಗಾಗಿ ಗುಂಡಿ ಬಂದರೂ ಚರ್ಮದ ಜೊತೆಗೇ ಅಲುಗುತ್ತದೆ. ಏರು ಶುರುವಾದಾಗ ಸ್ಟ್ರಾಪ್‌ಗಿಂತ ಕೆಲವು ಸೆಕೆಂಡ್ ಹಿಂದೆ ಬೀಳುತ್ತದೆ, ಸೈಕಲ್‌ಗೆ ಅದು ಲೆಕ್ಕಕ್ಕಿಲ್ಲ.

ಚೆಸ್ಟ್ ಸ್ಟ್ರಾಪ್ ಬೆಳಕಿನ ಗೊಡವೆಗೇ ಹೋಗುವುದಿಲ್ಲ. ಹೃದಯ ಬಡಿಯುವಾಗ ಹುಟ್ಟುವ ವಿದ್ಯುತ್ತನ್ನು ಚರ್ಮದಿಂದಲೇ ಹಿಡಿಯುತ್ತದೆ, ಇಸಿಜಿ ತೆಗೆದಂತೆ. ಮೂರರಲ್ಲಿ ನಿಖರ ಇದೇ. ಹಾಗಂತ ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಪ್ಯಾಡ್ ಒಣಗಿದ್ದರೆ ಸಂಪರ್ಕ ಸಿಗುವುದಿಲ್ಲ. ಡಿಸೆಂಬರ್‌ನ ಒಣ ಚಳಿಯಲ್ಲಿ ಮೈ ಬೆವರುವ ತನಕ ಹುಚ್ಚು ನಂಬರ್ ಬರಬಹುದು. ಇಳಿಜಾರಿನಲ್ಲಿ ಸಡಿಲವಾದ ಪಾಲಿಯೆಸ್ಟರ್ ಜರ್ಸಿ ಗಾಳಿಗೆ ಪಟಪಟ ಹೊಡೆದಾಗ ಅದರ ಸ್ಥಿರ ವಿದ್ಯುತ್ತಿಗೆ ನನ್ನ ಸ್ಟ್ರಾಪ್ 210 ದಾಟಿದ್ದೂ ಉಂಟು. ಪ್ಯಾಡ್‌ಗೆ ನೀರು ಹಚ್ಚಿ ಕಟ್ಟಿ, ಮೈಗಂಟಿದ ಜರ್ಸಿ ಹಾಕಿದರೆ ಎರಡೂ ನಿಲ್ಲುತ್ತವೆ.

ಈಗ ಜಿಮ್. ಇಲ್ಲಿ ಕೈ ಅಷ್ಟೇನೂ ಓಡಾಡುವುದಿಲ್ಲ, ಆದರೂ ವಾಚ್ ಕೆಡುತ್ತದೆ. ರಾಡ್ ಹಿಡಿದು ಒಂದು ಸಲ ಗಟ್ಟಿಯಾಗಿ ಮುಷ್ಟಿ ಬಿಗಿಯಿರಿ, ಇನ್ನೊಂದು ಕೈಯ ಬೆರಳನ್ನು ವಾಚ್ ಇರುವ ಜಾಗದಲ್ಲಿ ಇಡಿ. ಚರ್ಮದ ಕೆಳಗೆ ಹಗ್ಗದಂಥ ಸ್ನಾಯುರಜ್ಜುಗಳು ಎದ್ದು ಬೀಳುವುದು ಗೊತ್ತಾಗುತ್ತದೆ. ಆ ಬಿಗಿತಕ್ಕೆ ಅಲ್ಲಿನ ರಕ್ತ ಹಿಂಡಿ ಹೋಗುತ್ತದೆ. ಬೆಳಕಿನ ಸಿಗ್ನಲ್ ತಲೆಕೆಳಗಾಗುತ್ತದೆ. ಆದರೆ ಚಲನೆಯ ಸೆನ್ಸರ್‌ಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ವಾಚ್ ತಾನು ಹೆಚ್ಚು ಅಲುಗಿಲ್ಲ. ರಸ್ತೆಯಲ್ಲಿ ಕಳೆಯಬೇಕಾದ ಅಲುಗಾಟ ವಿಪರೀತ, ಇಲ್ಲಿ ಕಳೆಯಲು ಏನೂ ಸಿಗುವುದಿಲ್ಲ. ಹಾಗಾಗಿ ದುಬಾರಿ ವಾಚ್ ಕೊಂಡರೂ ಜಿಮ್‌ನಲ್ಲಿ ಅಂಥ ಲಾಭ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಾರ್‌ಬೆಲ್ ಕರ್ಲ್‌ನ ಹಗುರ ಸೆಟ್ ಒಂದರಲ್ಲಿ ಸ್ಟ್ರಾಪ್ 91 ತೋರಿಸಿತು, ವಾಚ್ 182. ಸರಿಯಾಗಿ ಎರಡು ಪಟ್ಟು ನೋಡಿ. ನಾಡಿಯ ಒಂದೊಂದು ಅಲೆಯಲ್ಲೂ ದೊಡ್ಡ ಏರಿನ ಹಿಂದೆ ಒಂದು ಚಿಕ್ಕ ಏರು ಇರುತ್ತದೆ. ಸಿಗ್ನಲ್ ಹದಗೆಟ್ಟಾಗ ಆ ಚಿಕ್ಕದನ್ನೂ ಒಂದು ಬಡಿತ ಅಂತ ಎಣಿಸಿದರೆ ನಂಬರ್ ಇಮ್ಮಡಿ ಆಗುತ್ತದೆ. ಜಿಮ್‌ನಲ್ಲಿ ಹುಚ್ಚು ನಂಬರ್ ಕಂಡಾಗ ಅರ್ಧ ಮಾಡಿ ನೋಡಿ, ಎಷ್ಟೋ ಸಲ ಮೈಯ ಸ್ಥಿತಿಗೆ ಹೊಂದುವ ನಂಬರ್ ಸಿಗುತ್ತದೆ. ಡೆಡ್‌ಲಿಫ್ಟ್‌ನಲ್ಲಿ ಮಾತ್ರ ಉಲ್ಟಾ. ಸ್ಟ್ರಾಪ್ 124 ಮುಟ್ಟಿ, ರಾಡ್ ಕೆಳಗಿಟ್ಟ ಮೇಲೆ 138ಕ್ಕೆ ಏರಿತು. ವಾಚ್ ಸೆಟ್ ಪೂರ್ತಿ 102ರಲ್ಲೇ ಮಲಗಿತ್ತು. ಅಂದರೆ ಜಿಮ್‌ನಲ್ಲಿ ಅದು ಯಾವ ಕಡೆಗೆ ತಪ್ಪುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ.

ಆರ್ಮ್ ಬ್ಯಾಂಡ್ ಕರ್ಲ್‌ನಲ್ಲಿ ಎಡವಿತು. ಬೈಸೆಪ್ಸ್ ಉಬ್ಬಿದಾಗೆಲ್ಲ ಸೆನ್ಸರನ್ನು ನೂಕುತ್ತದೆ. ತೋಳಿನ ಹೊರಬದಿಗೆ ತಿರುಗಿಸಿದ ಮೇಲೆ ಸುಮಾರಾಗಿ ಸರಿಹೋಯಿತು. ಸ್ಟ್ರಾಪ್ ಬೆಂಚ್ ಪ್ರೆಸ್‌ನಲ್ಲಿ ಮಾತ್ರ ತಕರಾರು ಮಾಡುತ್ತದೆ, ರಾಡ್ ಎದೆಗೆ ತಾಗುವಾಗ ಪ್ಯಾಡ್ ಜರುಗಿದರೆ ಒಂದು ಕ್ಷಣ ನಂಬರ್ ಹಾರುತ್ತದೆ. ಸ್ವಲ್ಪ ಕೆಳಗೆ ಕಟ್ಟಿದರೆ ಸಾಕು.

ಒಂದನ್ನು ಕೊಳ್ಳಬೇಕಾದರೆ? ನಮ್ಮ ಕಡೆಯ ರಸ್ತೆಗಳಲ್ಲಿ ಸೈಕಲ್ ಹೊಡೆಯುವವರಿಗೆ ನಾನು ಆರ್ಮ್ ಬ್ಯಾಂಡ್ ಹೇಳುತ್ತೇನೆ. ಎದೆಗೆ ಬಿಗಿಯುವ ರಗಳೆ ಇಲ್ಲ, ತಪ್ಪು ಕಡಿಮೆ. ಜಿಮ್‌ನ ನಂಬರ್ ನಿಜವಾಗಿ ಬೇಕು ಅನ್ನುವವರಿಗೆ ಸ್ಟ್ರಾಪ್ ಬಿಟ್ಟು ಬೇರೆ ದಾರಿ ಇಲ್ಲ. ಆದರೆ ಭಾರ ಎತ್ತುವವರಿಗೆ ಎಷ್ಟು ಕಿಲೋ, ಎಷ್ಟು ರೆಪ್ ಅನ್ನುವುದೇ ಮುಖ್ಯ ಅಲ್ವಾ? ಹಾರ್ಟ್ ರೇಟ್ ನೋಡದಿದ್ದರೂ ನಡೆಯುತ್ತದೆ. ಕೊಳ್ಳುವ ಮೊದಲು ನಿಮ್ಮ ವಾಚ್ ಬ್ಲೂಟೂತ್ ಮೂಲಕ ಹೊರಗಿನ ಸೆನ್ಸರ್ ಹಿಡಿಯುತ್ತದೆಯೇ ನೋಡಿಕೊಳ್ಳಿ. ಅಗ್ಗದ ಎಷ್ಟೋ ವಾಚ್‌ಗಳು ಹಿಡಿಯುವುದಿಲ್ಲ, ಆಗ ಫೋನ್ ಆ್ಯಪ್‌ಗೆ ಜೋಡಿಸಬೇಕು.

ಏನೂ ಕೊಳ್ಳದೆ ತಿಳಿಯಬೇಕಾದರೆ ಸೈಕಲ್ ನಿಲ್ಲಿಸಿದ ಕೂಡಲೇ ಕತ್ತಿನ ಬದಿಗೆ ಎರಡು ಬೆರಳಿಟ್ಟು 15 ಸೆಕೆಂಡ್ ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ. ತಡ ಮಾಡಬೇಡಿ, ನಿಂತ ಮೇಲೆ ಬಡಿತ ಬೇಗ ಇಳಿಯುತ್ತದೆ. 33 ಬಂದರೆ 132. ವಾಚ್ ಆಗಲೂ 170 ಅಂತಿದ್ದರೆ ಅದು ಸುಳ್ಳು. ಆದರೆ ಕೂತು ಸುಧಾರಿಸಿಕೊಂಡ ಮೇಲೂ ಬೆರಳಿಗೇ 150ರ ಮೇಲೆ ಸಿಕ್ಕರೆ, ಅಥವಾ ತಲೆ ಸುತ್ತು, ಎದೆನೋವು ಇದ್ದರೆ, ವಾಚ್ ಮೇಲೆ ತಪ್ಪು ಹೊರಿಸದೆ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಕೆಲಸ ಆ್ಯಪ್‌ನಲ್ಲಿದೆ. ಕೆಲವು ಆ್ಯಪ್‌ಗಳು ಇಂಥ ಸುಳ್ಳು ನಂಬರನ್ನೇ ನಿಮ್ಮ ಗರಿಷ್ಠ ಹಾರ್ಟ್ ರೇಟ್ ಅಂತ ಬರೆದುಕೊಳ್ಳುತ್ತವೆ. ಗರಿಷ್ಠ 180 ಇದ್ದದ್ದು 198 ಆದರೆ, ಅದರ ಶೇಕಡಾ 70 ಅನ್ನುವ ಸುಲಭ ಸವಾರಿಯ ಮಿತಿ 126ರಿಂದ 139ಕ್ಕೆ ಜಿಗಿಯುತ್ತದೆ. ಆಮೇಲೆ ಸರಿಯಾದ ಸ್ಟ್ರಾಪ್ ಕಟ್ಟಿದರೂ ವಲಯಗಳು ತಪ್ಪೇ. ಸೆಟ್ಟಿಂಗ್ಸ್‌ಗೆ ಹೋಗಿ ತಾನಾಗಿ ಬದಲಾಗುವ ಆಯ್ಕೆಯನ್ನು ಆಫ್ ಮಾಡಿ, ಗರಿಷ್ಠವನ್ನು ನೀವೇ ತುಂಬಿ.